‘ಸರಿಮಾಡಿ’ ಅಂದರೆ ಎಷ್ಟು ಸರಿಮಾಡಬೇಕು?

ಹೊಳಲ್ಕೆರೆ ಕಡೆಯ ಹಿರಿಯರೊಬ್ಬರು ಹಳೆಯ ಪುಸ್ತಕದ ಒಂದು ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಫೋನೇ ಅಕ್ಷರ ಗುರುತಿಸಿ ಕೊಟ್ಟ ಪಠ್ಯವನ್ನೂ ಜೊತೆಗಿಟ್ಟು ನಮಗೆ ಕಳಿಸಿದ್ದರು. ಊರಿನ ಕೆರೆಗೆ ಯಾರ್ಯಾರು ಎಷ್ಟೆಷ್ಟು ಜಮೀನು ಬಿಟ್ಟರು ಅನ್ನೋ ಪಟ್ಟಿ ಅದು. ‘ಇದನ್ನ ಸ್ವಲ್ಪ ಸರಿಮಾಡ್ಕೊಡ್ರಪ್ಪ’ ಅಂದರು, ಅಷ್ಟೇ. ನಾವು ಉತ್ಸಾಹದಿಂದ ಕೂತು ಕೆಡಿಸಿದೆವು.

ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಜಿಲ್ಲೆಯ ಹೆಸರೇ. ‘ಚಿತ್ರದುರ್ಗ’ ಅನ್ನುವಲ್ಲಿ ಯಂತ್ರ ‘ಚಿತ್ರದುಗ೯’ ಎಂದು ಓದಿತ್ತು. ಓದುವಾಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಯಾಕೆಂದರೆ ಅರ್ಕಾವೊತ್ತು ನೋಡಲು ಕನ್ನಡದ ಒಂಬತ್ತರ ಹಾಗೇ ಇದೆ. ಆದರೆ ಫೋನಿಗೆ ಅದು ಅಕ್ಷರವಲ್ಲ, ಅಂಕಿ. ಪುಟದಲ್ಲಿ ‘ಚಿತ್ರದುರ್ಗ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಇಂಥ ತಪ್ಪು ಹಿಡಿಯಲು ಇದೇ ಸುಲಭದ ದಾರಿ. ಒಂದು ಪದ ಪುಟದಲ್ಲಿ ಎಷ್ಟು ಸಲ ಬಂದಿದೆ ಎಂದು ಕಣ್ಣಲ್ಲಿ ಎಣಿಸಿ, ಆಮೇಲೆ ಫೋನಿನಲ್ಲಿ ಹುಡುಕಿ. ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ಅಂಕಿ ಅಕ್ಷರದ ವೇಷ ಹಾಕಿದೆ. ಸೊನ್ನೆಯದೂ ಇದೇ ಕಥೆ. ‘ಅಂದ’ದಲ್ಲಿರುವ ಸೊನ್ನೆ ಬೇರೆ, ೧೦ರಲ್ಲಿರುವ ಸೊನ್ನೆ ಬೇರೆ, ನೋಡಲು ಅವಳಿ ಜವಳಿ.

ಸರಿ, ೯ ಇದ್ದಲ್ಲೆಲ್ಲ ‘ರ್’ ಹಾಕಿಬಿಡೋಣ ಎಂದು ಒಂದೇ ಏಟಿಗೆ ಬದಲಾಯಿಸಿದೆವು. ‘ಚಿತ್ರದುಗರ್’ ಆಯಿತು! ಅರ್ಕಾವೊತ್ತು ಅಚ್ಚಿನಲ್ಲಿ ‘ಗ’ದ ನಂತರ ಕಂಡರೂ, ಉಚ್ಚಾರದಲ್ಲೂ ಟೈಪಿನಲ್ಲೂ ‘ಗ’ಕ್ಕಿಂತ ಮೊದಲೇ ಬರುತ್ತದೆ. ಹಾಗಾಗಿ ಅದನ್ನು ಹಿಂದಿನ ಅಕ್ಷರದ ಮುಂಚೆ ತಂದಿಟ್ಟೆವು. ಚಿತ್ರದುರ್ಗ, ಹೊಸದುರ್ಗ, ಧರ್ಮ, ವರ್ಷ ಎಲ್ಲ ಸರಿಹೋದವು. ಬೀಗುತ್ತಾ ಪುಟ ವಾಪಸ್ ಕಳಿಸಿದೆವು.

ಸಂಜೆ ಹಿರಿಯರ ಫೋನು. ‘ಏನ್ರಪ್ಪಾ, ಮೂರನೇ ಸಾಲಿನ ಜಮೀನೇ ಹೋಯ್ತಲ್ಲ!’

ಅಚ್ಚಿನ ಪುಟ ತೆಗೆದು ನೋಡಿದೆವು. ಮೂರನೇ ಸಾಲಿನಲ್ಲಿ ‘ಎಕರೆ ೯’ ಎಂದಿತ್ತು. ಯಂತ್ರ ನಡುವಿನ ಜಾಗ ನುಂಗಿ ‘ಎಕರೆ೯’ ಮಾಡಿತ್ತು, ನಾವು ಅದನ್ನು ‘ಎಕರ್ರೆ’ ಮಾಡಿದ್ದೆವು. ಒಂಬತ್ತು ಎಕರೆ ಮಾಯ. ಅದನ್ನು ಮರಳಿ ಹಾಕಿದರೂ ಲೆಕ್ಕ ಕೂಡಲಿಲ್ಲ. ನಾಲ್ಕು, ಆರು, ಒಂಬತ್ತು ಕೂಡಿದರೆ ಹತ್ತೊಂಬತ್ತು, ಪುಟದ ಕೆಳಗೆ ಒಟ್ಟು ೨೦ ಎಂದಿದೆ. ಎರಡನೇ ಸಾಲಿನ ಅಂಕಿಯಲ್ಲಿ ಮಸಿ ಹರಡಿತ್ತು. ಹಳೆಯ ಅಚ್ಚಿನಲ್ಲಿ ೬ ಮತ್ತು ೭ ಬಾಲದ ಹತ್ತಿರವಷ್ಟೇ ಬೇರೆ. ಫೋಟೊ ದೊಡ್ಡದು ಮಾಡಿ, ಅದೇ ಪುಟದಲ್ಲಿ ಸ್ಪಷ್ಟವಾಗಿ ಮೂಡಿದ್ದ ಇನ್ನೊಂದು ೭ರ ಪಕ್ಕ ಇಟ್ಟು ಹೋಲಿಸಿದೆವು. ಏಳೇ. ಬರೀ ಕೂಡಿಸಿ ನೋಡಿ ತಿದ್ದಿದ್ದರೆ ಅದು ಊಹೆಯಾಗುತ್ತಿತ್ತು, ಏಕೆಂದರೆ ಅಚ್ಚಿನ ಮನೆಯವರೂ ಕೂಡುವಾಗ ತಪ್ಪಬಹುದು. ಆಕಾರವೂ ಲೆಕ್ಕವೂ ಒಂದೇ ಮಾತು ಹೇಳಿದ್ದರಿಂದ ೭ ಬರೆದೆವು. ಆದರೂ ಪಕ್ಕದಲ್ಲಿ ‘ಮಸಿ ಹರಡಿದೆ’ ಎಂದು ಗುರುತು ಹಾಕಿದೆವು.

ನಮ್ಮ ಇನ್ನೊಂದು ಅಧಿಕಪ್ರಸಂಗ ಅಚ್ಚಿನ ಕಾಗುಣಿತದ್ದು. ‘ಮೈಶೂರು’ ಇದ್ದದ್ದನ್ನು ‘ಮೈಸೂರು’ ಮಾಡಿದ್ದೆವು, ‘ಯೆರಡು’ ಇದ್ದದ್ದನ್ನು ‘ಎರಡು’. ಇವು ಯಂತ್ರದ ತಪ್ಪುಗಳೇ ಅಲ್ಲ, ಆ ಕಾಲದ ಬರಹ. ಹೆಸರುಗಳಲ್ಲಿ ಇದು ಇನ್ನೂ ಸೂಕ್ಷ್ಮ. ನಮ್ಮ ಕಡೆ ಓಬಣ್ಣನನ್ನು ‘ವೋಬಣ್ಣ’ ಎಂದು ಬರೆದ ಹಳೆಯ ಕಾಗದಗಳಿವೆ. ನಾವು ‘ಓಬಣ್ಣ’ ಮಾಡಿದರೆ, ನಾಳೆ ಮೊಮ್ಮಗ ಹಳೆಯ ಪತ್ರದ ಜೊತೆ ಇದನ್ನು ತಾಳೆ ನೋಡುವಾಗ ಇಬ್ಬರು ಬೇರೆ ಬೇರೆ ಅನ್ನಿಸಿಬಿಡಬಹುದು. ಅಷ್ಟೇಕೆ, ಹೊಳಲಕೆರೆಯೋ ಹೊಳಲ್ಕೆರೆಯೋ ಎಂಬುದು ಇವತ್ತಿಗೂ ಎರಡು ಥರ ನಡೆಯುತ್ತದೆ.

ಹಾಗಾಗಿ ನಮ್ಮ ಅಭಿಪ್ರಾಯ ಇದು. ಬರೀ ‘ಸರಿಮಾಡಿ’ ಅಂದವರು ಕೇಳಿರುವುದು ಪುಟದಲ್ಲಿ ಇದ್ದದ್ದು ಇದ್ದ ಹಾಗೆ ಬರಲಿ ಎಂದು. ಯಂತ್ರ ಮಾಡಿದ ತಪ್ಪನ್ನು ಮಾತ್ರ ತೆಗೆಯಬೇಕು, ಅದನ್ನೂ ಫೋಟೊ ಎದುರಿಗಿಟ್ಟುಕೊಂಡೇ. ಅಚ್ಚಿನಲ್ಲೇ ತಪ್ಪಿದೆ ಅನ್ನಿಸಿದರೆ ಹಾಗೇ ಬಿಟ್ಟು ಪಕ್ಕದಲ್ಲಿ ಹೇಳಬೇಕು. ಕನ್ನಡ ವಿಕಿಸೋರ್ಸ್‌ನಲ್ಲೂ ಪುಟದ ಚಿತ್ರ ಪಕ್ಕದಲ್ಲೇ ಇರುತ್ತದೆ. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಹಸಿರು. ‘ಹಳೇ ಕಾಗುಣಿತ ಈಗಿನ ಹುಡುಗರಿಗೆ ಓದಕ್ಕಾಗಲ್ಲ’ ಅನ್ನುವವರ ಮಾತೂ ನಿಜವೇ. ಅವರಿಗೆ ಇನ್ನೊಂದು ಪ್ರತಿ ಮಾಡಿಕೊಡೋಣ, ಮೊದಲಿನದರ ಮೇಲೆ ಬರೆಯುವುದು ಬೇಡ.

ಹಿರಿಯರಿಗೆ ಎರಡನೇ ಸಲ ಕಳಿಸುವಾಗ ಕೆಳಗೆ ಮೂರು ಸಾಲು ಸೇರಿಸಿದೆವು. ಏನು ತಿದ್ದಿದೆವು, ಏನು ಮುಟ್ಟಲಿಲ್ಲ, ಎಲ್ಲಿ ಅನುಮಾನ ಇದೆ. ಅವರು ಕನ್ನಡಕ ಹಾಕಿಕೊಂಡು ಅನುಮಾನ ಇದ್ದ ಸಾಲನ್ನೇ ಮೊದಲು ನೋಡಿದರಂತೆ.