ಆಟ ತೆರೆಯುವಾಗ ನಾವು ಕಾಯುವುದು ಯಾರಿಗಾಗಿ?

ಅಂಗಡಿಯ ಪೆಟ್ಟಿಗೆಯ ಮೇಲಿನ ಅಂಕಿಗಳನ್ನಷ್ಟೇ ನೋಡಿದರೆ ಇದು ಚರ್ಚೆಯ ವಿಷಯವೇ ಅಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿಯಷ್ಟು ದತ್ತಾಂಶ ಓದುತ್ತದೆ. ಆ ತಂತಿಯ ಮಿತಿಯೇ ಅಷ್ಟು. ನಾಲ್ಕನೇ ಪೀಳಿಗೆಯ ಒಳ್ಳೆಯ ಎನ್‌ವಿಎಂಇ ಡ್ರೈವ್ 7,000 ಎಂಬಿ ಓದುತ್ತದೆ. ಲೆಕ್ಕದ ಪ್ರಕಾರ ಹನ್ನೆರಡು ಸೆಕೆಂಡಿನ ಕಾಯುವಿಕೆ ಒಂದು ಸೆಕೆಂಡಿಗೆ ಇಳಿಯಬೇಕು. ಆದರೆ ಅದೇ ಆಟವನ್ನು ಎರಡೂ ಡ್ರೈವ್‌ಗಳಲ್ಲಿ ಹಾಕಿ ಗಡಿಯಾರ ಹಿಡಿದು ಕೂತರೆ ಸಾಮಾನ್ಯವಾಗಿ ಸಿಗುವ ವ್ಯತ್ಯಾಸ ಒಂದೆರಡು ಸೆಕೆಂಡು. ಎಷ್ಟೋ ಸಲ ಅದೂ ಇಲ್ಲ. ಡ್ರೈವ್ ತಯಾರಿಸಿದವರು ಸುಳ್ಳು ಹೇಳಿದ್ದಾರೆ ಎಂದು ಇದರ ಅರ್ಥವಲ್ಲ. ಅವರು ಅಳೆದದ್ದು ಒಂದು ಕೆಲಸವನ್ನು, ಆಟ ಮಾಡುವುದು ಬೇರೆಯೇ ಕೆಲಸವನ್ನು.

‘ಲೋಡಿಂಗ್’ ಎಂಬ ಒಂದು ಪದದಡಿ ಹಲವು ಕೆಲಸಗಳು ಅಡಗಿವೆ. ಡ್ರೈವ್‌ನಿಂದ ಕಡತ ಓದುವುದು ಮೊದಲನೆಯದು ಮಾತ್ರ. ಓದಿದ್ದು ಒತ್ತಿ ಕಿರಿದಾಗಿಸಿದ ರೂಪದಲ್ಲಿರುತ್ತದೆ. ಅದನ್ನು ಪ್ರೊಸೆಸರ್ ಬಿಡಿಸಬೇಕು. ಬಿಡಿಸಿದ್ದರಿಂದ ಮನೆ, ಮರ, ಪಾತ್ರಗಳನ್ನು ಮೆಮೊರಿಯಲ್ಲಿ ಕಟ್ಟಬೇಕು, ಒಂದಕ್ಕೊಂದು ಜೋಡಿಸಬೇಕು, ಚಿತ್ರಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ದಾಟಿಸಬೇಕು, ಶೇಡರ್‌ಗಳನ್ನು ಸಿದ್ಧಪಡಿಸಬೇಕು. ಆನ್‌ಲೈನ್ ಆಟವಾದರೆ ದೂರದ ಸರ್ವರ್ ಉತ್ತರಿಸುವವರೆಗೆ ಕಾಯಬೇಕು. ಮದುವೆಮನೆಯ ಅಡುಗೆಗೆ ತರಕಾರಿ ತರುವ ಗಾಡಿ ಎಷ್ಟೇ ವೇಗವಾಗಿ ಬಂದರೂ ಹೆಚ್ಚುವ ಕೈಗಳು ನಾಲ್ಕೇ ಇದ್ದರೆ ಪಂಕ್ತಿ ಬೇಗ ಕೂರುವುದಿಲ್ಲ. ಒಂದು ಲೆಕ್ಕ ಕಲ್ಪಿಸಿಕೊಳ್ಳಿ: ಒಂದು ಹಂತ ತೆರೆಯಲು 1 ಜಿಬಿ ಓದಬೇಕು, ಉಳಿದ ಕೆಲಸಗಳಿಗೆ 10 ಸೆಕೆಂಡು ಬೇಕು. ಸಾಟಾ ಆ 1 ಜಿಬಿಗೆ ಸುಮಾರು 2 ಸೆಕೆಂಡು ತೆಗೆದುಕೊಳ್ಳುತ್ತದೆ, ಒಟ್ಟು 12. ವೇಗದ ಎನ್‌ವಿಎಂಇಗೆ ಅರ್ಧ ಸೆಕೆಂಡೂ ಬೇಡ. ಒಟ್ಟು 10 ಚಿಲ್ಲರೆ. ಓದುವುದೂ ಬಿಡಿಸುವುದೂ ಜೊತೆಜೊತೆಗೇ ನಡೆಯುವಂತೆ ಆಟವನ್ನು ಬರೆದಿದ್ದರೆ ಆ ಅಂತರ ಇನ್ನೂ ಕರಗುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನ ಕಥೆ ಬೇರೆ. ಅಲ್ಲಿ ಮುಳ್ಳು ಚದುರಿದ ಒಂದೊಂದು ತುಣುಕಿಗೂ ಹತ್ತು ಮಿಲಿಸೆಕೆಂಡಿನಷ್ಟು ಓಡಾಡಬೇಕಿತ್ತು, ಕಾಯುವಿಕೆಯ ದೊಡ್ಡ ಪಾಲು ಅದರದ್ದೇ ಆಗಿತ್ತು. ಆ ಪಾಲನ್ನು ಸಾಟಾ ಎಸ್‌ಎಸ್‌ಡಿಯೇ ಬಹುತೇಕ ತೆಗೆದುಹಾಕಿಬಿಟ್ಟಿತು. ಎನ್‌ವಿಎಂಇ ಬರುವ ಹೊತ್ತಿಗೆ ಗೆಲ್ಲಲು ಹೆಚ್ಚೇನೂ ಉಳಿದಿರಲಿಲ್ಲ.

ಉಳಿದ ಕೆಲಸ ಎಷ್ಟು ಭಾರವಾಗಿರಬಹುದು ಎಂಬುದಕ್ಕೆ ‘ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್’ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದು ತೆರೆದುಕೊಳ್ಳಲು ಹಲವು ನಿಮಿಷ ಹಿಡಿಯುತ್ತದೆ ಎಂಬ ದೂರು ವರ್ಷಗಟ್ಟಲೆ ಇತ್ತು. 2021ರ ಆರಂಭದಲ್ಲಿ, ಕಂಪನಿಗೆ ಸಂಬಂಧವಿಲ್ಲದ ಒಬ್ಬ ಪ್ರೋಗ್ರಾಮರ್ ಕಾರಣ ಹುಡುಕಲು ಕೂತರು. ಅವರ ಯಂತ್ರದಲ್ಲಿದ್ದುದು ಅಗ್ಗದ ಸಾಟಾ ಎಸ್‌ಎಸ್‌ಡಿ. ಕಾಯುವಿಕೆ ಆರು ನಿಮಿಷ. ಇಂಥವರಿಗೆ ಸಿಗುವ ಮೊದಲ ಸಲಹೆ ಏನೆಂದು ಹೇಳಬೇಕಿಲ್ಲ. ಆದರೆ ಆ ಹೊತ್ತಿನಲ್ಲಿ ಡಿಸ್ಕ್ ಸುಮ್ಮನೆ ಕೂತಿತ್ತು, ಪ್ರೊಸೆಸರಿನ ಒಂದೇ ಕೋರ್ ಬೆವರು ಸುರಿಸುತ್ತಿತ್ತು. ಆಟದೊಳಗೆ ಕೊಳ್ಳಬಹುದಾದ ವಸ್ತುಗಳ ಪಟ್ಟಿಯೊಂದು 10 ಎಂಬಿಯ ಪಠ್ಯವಾಗಿ ಬರುತ್ತಿತ್ತು, ಅದರಲ್ಲಿ ಸುಮಾರು 63,000 ನಮೂದುಗಳು. ಒಂದೊಂದು ಮೌಲ್ಯ ಓದುವಾಗಲೂ ಪ್ರೋಗ್ರಾಂ ಉಳಿದ ಇಡೀ ಪಠ್ಯದ ಉದ್ದವನ್ನು ಕೊನೆಯವರೆಗೆ ಎಣಿಸಿ ಬರುತ್ತಿತ್ತು. ಸಾಲದ್ದಕ್ಕೆ, ಹೊಸ ನಮೂದು ಸೇರಿಸುವ ಮುನ್ನ ಅದು ಈಗಾಗಲೇ ಇದೆಯೇ ಎಂದು ಸೇರಿಸಿದ ಎಲ್ಲದರ ಜೊತೆ ಹೋಲಿಸುತ್ತಿತ್ತು. 63,000 ನಮೂದುಗಳಿಗೆ ಆ ಹೋಲಿಕೆಗಳ ಸಂಖ್ಯೆ ಸುಮಾರು 198 ಕೋಟಿ! ಎರಡನ್ನೂ ಸರಿಪಡಿಸಿದಾಗ ಆರು ನಿಮಿಷ ಎರಡಕ್ಕೂ ಕಡಿಮೆಯಾಯಿತು. ರಾಕ್‌ಸ್ಟಾರ್ ಕಂಪನಿ ದೋಷ ಒಪ್ಪಿಕೊಂಡು ಅವರಿಗೆ 10,000 ಡಾಲರ್ ಬಹುಮಾನ ಕೊಟ್ಟಿತು, ಮಾರ್ಚ್‌ನಲ್ಲಿ ತಿದ್ದುಪಡಿಯನ್ನೂ ಹೊರಡಿಸಿತು. 10 ಎಂಬಿ ಓದಲು ಸಾಟಾಗೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಹದಿಮೂರು ಪಟ್ಟು ವೇಗದ ಡ್ರೈವ್ ಹಾಕಿದ್ದರೂ ಉಳಿಯುತ್ತಿದ್ದುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ.

ಇದು ಅತಿರೇಕದ ಪ್ರಸಂಗ, ಎಲ್ಲ ಆಟಗಳೂ ಹೀಗೆ ಕೆಟ್ಟದಾಗಿ ಬರೆದವಲ್ಲ ಎನ್ನಬಹುದು. ಸರಿಯೇ. ಹಾಗಾದರೆ ವೇಗದ ಡ್ರೈವ್‌ಗಾಗಿಯೇ ಶ್ರಮವಹಿಸಿ ಬರೆದ ಆಟವನ್ನು ನೋಡೋಣ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಸೆಕೆಂಡಿಗೆ 5.5 ಜಿಬಿ ಓದುವುದಷ್ಟೇ ಅಲ್ಲ, ಒತ್ತಿದ್ದನ್ನು ಬಿಡಿಸುವುದಕ್ಕೇ ಪ್ರತ್ಯೇಕ ಯಂತ್ರಾಂಶ ಇಟ್ಟುಕೊಂಡಿತ್ತು. ಅದು ಕಣ್ಣೆದುರೇ ಲೋಕ ಬದಲಾಯಿಸಿದ್ದನ್ನು ನೋಡಿದವರು ಎನ್‌ವಿಎಂಇಯೇ ಉತ್ತರ ಎಂದುಕೊಂಡರು. ತರಕಾರಿ ಹೆಚ್ಚುವ ಕೈಗಳೂ ಅಲ್ಲಿ ಜಾಸ್ತಿಯಿದ್ದವೆಂಬುದು ಗಮನಕ್ಕೆ ಬರಲಿಲ್ಲ. ವಿಂಡೋಸ್‌ಗೆ ಅಂಥದ್ದೇ ದಾರಿಯಾಗಿ ಮೈಕ್ರೋಸಾಫ್ಟ್ 2022ರಲ್ಲಿ ‘ಡೈರೆಕ್ಟ್‌ಸ್ಟೋರೇಜ್’ ಬಿಡುಗಡೆ ಮಾಡಿತು, ಅದನ್ನು ಬಳಸಿದ ಮೊದಲ ಪಿಸಿ ಆಟ 2023ರ ‘ಫೋರ್‌ಸ್ಪೋಕನ್’. ಅದರ ತಯಾರಕರೇ ತೋರಿಸಿದ ಒಂದು ದೃಶ್ಯ ಎನ್‌ವಿಎಂಇಯಲ್ಲಿ ಸುಮಾರು ಎರಡು ಸೆಕೆಂಡಿಗೆ, ಸಾಟಾದಲ್ಲಿ ನಾಲ್ಕು ಸೆಕೆಂಡಿನೊಳಗೆ, ಹಾರ್ಡ್ ಡಿಸ್ಕ್‌ನಲ್ಲಿ ಇಪ್ಪತ್ತು ಸೆಕೆಂಡು ಕಳೆದ ಮೇಲೆ ತೆರೆದುಕೊಂಡಿತು. ಇಲ್ಲಿ ಎನ್‌ವಿಎಂಇ ಗೆದ್ದದ್ದು ನಿಜ, ಅರ್ಧಕ್ಕರ್ಧ ಗೆದ್ದಿತು. ಆದರೂ ಆ ಅರ್ಧ ಎಂದರೆ ಎರಡು ಸೆಕೆಂಡು. ಡ್ರೈವ್ ಹತ್ತು ಪಟ್ಟು ವೇಗವಾದಾಗಲೂ ಕಾಯುವಿಕೆ ಹತ್ತನೇ ಒಂದಕ್ಕೆ ಇಳಿಯಲಿಲ್ಲ ಎಂಬುದೇ ಗಮನಿಸಬೇಕಾದದ್ದು.

ಇನ್ನೊಂದು ಆಕ್ಷೇಪಕ್ಕೆ ನನ್ನ ತಕರಾರಿಲ್ಲ: ಬೆಲೆಯ ಅಂತರ ಅಷ್ಟಿಲ್ಲದಿರುವಾಗ ಹೊಸದಾಗಿ ಕೊಳ್ಳುವವರು ಸಾಟಾ ಏಕೆ ಕೊಳ್ಳಬೇಕು? ಕೊಳ್ಳಬೇಕಿಲ್ಲ. ನೂರು ಜಿಬಿಯ ಆಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ, ದೊಡ್ಡ ಅಪ್‌ಡೇಟ್ ಬಂದು ಹಳೆಯ ಕಡತಗಳನ್ನು ಪುನಃ ಬರೆಯುವಾಗ ಎನ್‌ವಿಎಂಇಯ ಮೇಲುಗೈ ನಿಚ್ಚಳವಾಗಿ ಕಾಣುತ್ತದೆ. ಪ್ರಶ್ನೆ ಇರುವುದು ಸರಿಯಾಗಿ ಕೆಲಸ ಮಾಡುತ್ತಿರುವ ಸಾಟಾವನ್ನು ಲೋಡಿಂಗ್‌ಗಾಗಿ ಕಿತ್ತು ಹಾಕಬೇಕೇ ಎಂಬಲ್ಲಿ. ಹಾರ್ಡ್ ಡಿಸ್ಕ್ ಇನ್ನೂ ಇರುವ, ಎಂ.2 ಜಾಗವೇ ಇಲ್ಲದ ಹಳೆಯ ಲ್ಯಾಪ್‌ಟಾಪಿನವರು ಸಾಟಾ ಹಾಕಿಸಿಕೊಂಡು ತಾವೇನೋ ಕಳೆದುಕೊಂಡೆವೆಂದು ಕೊರಗುವುದಕ್ಕೂ ಕಾರಣವಿಲ್ಲ.

ಕೊಳ್ಳುವ ಮುನ್ನ ಉತ್ತರ ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ವಿಂಡೋಸ್ ಈಚೆಗೆ ಓದಿದ ಕಡತಗಳನ್ನು ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಕಂಪ್ಯೂಟರ್ ಮರುಪ್ರಾರಂಭಿಸಿ, ಆಟ ತೆರೆದು, ಸೇವ್ ಮಾಡಿದ ಒಂದು ಹಂತ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗುರುತಿಸಿಕೊಳ್ಳಿ. ಆಟವನ್ನು ಪೂರ್ತಿ ಮುಚ್ಚಿ, ತಕ್ಷಣ ಮತ್ತೆ ತೆರೆದು ಅದೇ ಹಂತಕ್ಕೆ ಹೋಗಿ. ಎರಡನೇ ಸಲ ಹೆಚ್ಚಿನ ದತ್ತಾಂಶ ರ‍್ಯಾಮ್‌ನಿಂದಲೇ ಬರುತ್ತದೆ, ಅಂದರೆ ಯಾವ ಎನ್‌ವಿಎಂಇಗಿಂತಲೂ ವೇಗವಾಗಿ. ಮೊದಲ ಸಲ 14 ಸೆಕೆಂಡು, ಎರಡನೇ ಸಲ 13 ಬಂದರೆ ಹೊಸ ಡ್ರೈವ್ ನಿಮಗೆ ಕೊಡಬಲ್ಲದ್ದು ಹೆಚ್ಚೆಂದರೆ ಆ ಒಂದು ಸೆಕೆಂಡು. 14 ಇದ್ದದ್ದು 6ಕ್ಕೆ ಇಳಿದರೆ ಡ್ರೈವೇ ತಡೆಯುತ್ತಿದೆ, ಹಣ ಹಾಕಬಹುದು. ರ‍್ಯಾಮ್ ಕಡಿಮೆಯಿದ್ದರೆ ಕಡತಗಳಿಗೆ ಅಲ್ಲಿ ಜಾಗ ಸಿಗದೆ ಪರೀಕ್ಷೆ ದಾರಿ ತಪ್ಪಿಸಬಹುದು. ಡೈರೆಕ್ಟ್‌ಸ್ಟೋರೇಜ್ ಬಳಸುವ ಆಟಗಳು ಈ ದಾಸ್ತಾನಿನ ಮೂಲಕ ಹೋಗುವುದೇ ಇಲ್ಲ. ಆದ್ದರಿಂದ ಎರಡನೇ ಸಲ ನಡೆಯುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಡಿಸ್ಕ್‌ನ ಗೆರೆ ನಿಜಕ್ಕೂ ಕೆಳಗೆ ಮಲಗಿದೆಯೇ ಎಂದು ನೋಡಿಕೊಂಡೇ ಆ ಅಂಕಿಯನ್ನು ನಂಬಬೇಕು.