ದೂರುಗಳ ವಿಂಗಡಣೆ: ಒಂದು ವಿಚಾರ

ಪ್ರತಿ ಶನಿವಾರ ಸಂಜೆ ಮಲ್ಲೇಶ್ವರದ ಸ್ನೇಹಿತನೊಬ್ಬನ ಮನೆಯ ಮಹಡಿಯಲ್ಲಿ ನಾವು ನಾಲ್ವರು ಸೇರುತ್ತೇವೆ. ಕನ್ನಡ ಬೆರಳಚ್ಚಿಗೆಂದು ಬಿಡುವಿನಲ್ಲಿ ರಚಿಸಿದ ಒಂದು ಚಿಕ್ಕ ತಂತ್ರಾಂಶ ನಮ್ಮದು. ಅದನ್ನು ಬಳಸುವವರು ಕಳುಹಿಸಿದ ದೋಷದ ವರದಿಗಳನ್ನು ಒಂದೊಂದಾಗಿ ಓದಿ ‘ವಿವರ ಬೇಕು’, ‘ನಕಲು’, ‘ಅಂಗೀಕೃತ’ ಎಂಬ ಮೂರರಲ್ಲಿ ಒಂದು ಗುರುತು ಹಾಕುವುದು ಆ ಸಂಜೆಯ ಕೆಲಸ. ಗುಮಾಸ್ತಿಕೆಯಂತೆ ತೋರುವ ಈ ಕೆಲಸದಲ್ಲಿ ತಪ್ಪುವುದು ಎಷ್ಟು ಸುಲಭವೆಂಬುದನ್ನು ಹೇಳುವುದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಒಂದು ಶನಿವಾರ ಮೂರು ವರದಿಗಳು ಬಂದಿದ್ದುವು. ಮೊದಲನೆಯದು, “ರ‍್ಯಾಂಕ್ ಕೆಟ್ಟು ಬರುತ್ತದೆ” ಎಂಬ ಒಂದೇ ಸಾಲು, ಜೊತೆಗೊಂದು ಚಿತ್ರ. ಅದರಲ್ಲಿ ಯಕಾರವು ಒತ್ತಾಗದೆ ಪಕ್ಕದಲ್ಲಿ ನಿಂತಿತ್ತು. ಎರಡನೆಯದು ಚಾಮರಾಜಪೇಟೆಯ ಕರಡು ತಿದ್ದುವ ಹಿರಿಯರೊಬ್ಬರದು: ಪುಸ್ತಕದಲ್ಲಿ ಕಣ್ಣಿಗೆ ಕಾಣುವ ‘ರ‍್ಯಾಲಿ’ ಎಂಬ ಪದವನ್ನು ಹುಡುಕಿದರೆ ಸಿಗುವುದಿಲ್ಲವಂತೆ. ಮೂರನೆಯದು ಪುನಃ “ರ‍್ಯಾಂಕ್ ಕೆಟ್ಟಿದೆ” ಎಂದು, ಚಿತ್ರವಿಲ್ಲ.

ನಮ್ಮಲ್ಲೊಬ್ಬ ತಡಮಾಡದೆ ಮೂರನೆಯದಕ್ಕೆ ‘ನಕಲು’ ಎಂದು ಗುರುತು ಹಾಕಹೊರಟ. ಮೊದಲನೆಯದನ್ನಂತೂ ಮುಚ್ಚಿಯೇ ಬಿಡೋಣವೆಂದ. ಏಕೆಂದರೆ ನಮ್ಮ ನಾಲ್ವರ ಫೋನುಗಳಲ್ಲಿಯೂ ಆ ಪದ ಚೆನ್ನಾಗಿಯೇ ಕಾಣುತ್ತಿತ್ತು. “ನಮ್ಮಲ್ಲಿ ಸರಿಯಾಗಿದೆ” ಎಂಬ ಮಾತಿನಷ್ಟು ಮೋಸದ ಮಾತು ಈ ಕೆಲಸದಲ್ಲಿ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಇಲ್ಲಿ ಸ್ವಲ್ಪ ಒಳಗಿನ ಮಾತು ಹೇಳಬೇಕು. ‘ಕಾರ್ಯ’ದಲ್ಲಿ ರಕಾರವು ಅರ್ಕಾವೊತ್ತಾಗುತ್ತದೆ, ‘ರ‍್ಯಾಂಕ್’ನಲ್ಲಿ ಹಾಗಾಗದೆ ಯಕಾರವೇ ಒತ್ತಾಗಬೇಕು. ಈ ಭೇದವನ್ನು ತಿಳಿಸಲು ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ನಡುವೆ ಇಡುತ್ತಾರೆ. ಯೂನಿಕೋಡ್ ಹೇಳುವ ಕ್ರಮ ಮೇಲಿನದು. ಹಳೆಯ ರೂಢಿಯದು ಕೆಳಗಿನದು:

```
U+0CB0 U+200D U+0CCD U+0CAF
U+0CB0 U+0CCD U+200D U+0CAF
```

ಮೊದಲನೆಯದರಲ್ಲಿ ಜೋಡಕವು ವಿರಾಮ ಚಿಹ್ನೆಗಿಂತ ಮುಂಚೆ, ಎರಡನೆಯದರಲ್ಲಿ ಅನಂತರ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೊದಲಾದವುಗಳಲ್ಲಿ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಹಿಂದೆ ಇದೇ ವಿಷಯವಾಗಿ ವರದಿ ಹೋಗಿತ್ತು. ಅದು ಅಲ್ಲಿ 435ನೆಯದು. ಅದನ್ನು ಅಂಗೀಕರಿಸಿ, ಕನ್ನಡದ ಹಳೆಯ ಕ್ರಮವನ್ನೂ ಹೊಸದರಂತೆಯೇ ಕಾಣಿಸುವ ಏರ್ಪಾಡನ್ನು ಅವರು ಮಾಡಿದರು. ಉಪಕಾರವೇ ಸರಿ; ಆದರೆ ಅದರಿಂದಲೇ ನಮ್ಮ ಫೋನುಗಳಲ್ಲಿ ದೋಷ ಮರೆಯಾಗಿತ್ತು.

ಚಿತ್ರದಲ್ಲಿ ಈ ಕ್ರಮ ಕಾಣುವುದಿಲ್ಲ. ಆದ್ದರಿಂದ ಮೊದಲನೆಯ ಮತ್ತು ಮೂರನೆಯ ವರದಿಗಳಿಗೆ ‘ವಿವರ ಬೇಕು’ ಎಂದು ಗುರುತು ಹಾಕಿದೆವು. ಬರಿದೆ “ಹೆಚ್ಚಿನ ವಿವರ ಕಳುಹಿಸಿ” ಎಂದರೆ ಯಾರೂ ಉತ್ತರಿಸರು. ಏನು ಬೇಕೆಂಬುದೇ ಅವರಿಗೆ ತಿಳಿಯದು. “ಆ ಪದವನ್ನು ಚಿತ್ರವಾಗಿಯಲ್ಲದೆ ಅಕ್ಷರವಾಗಿಯೇ ಕಳುಹಿಸಿರಿ, ಯಾವ ತಂತ್ರಾಂಶದಲ್ಲಿ ಕೆಟ್ಟು ಕಂಡಿತೆಂದು ಹೇಳಿರಿ” ಎಂದು ಕೇಳಿದೆವು. ಮುಂದಿನ ಶನಿವಾರದೊಳಗೆ ಇಬ್ಬರಿಂದಲೂ ಉತ್ತರ ಬಂದಿತು.

ಮೊದಲನೆಯವರ ಪದದಲ್ಲಿ ಜೋಡಕವು ಹಳೆಯ ಕ್ರಮದಲ್ಲಿತ್ತು. ಅವರದು ಬಹಳ ಹಳೆಯ ಗಣಕ. ಅದೇ ಪದವನ್ನು ಹೊಸ ಕ್ರಮದಲ್ಲಿ ಕಳುಹಿಸಿದಾಗ ಅಲ್ಲಿ ಸರಿಯಾಗಿ ಕಂಡಿತು. ಹಳೆಯ ಕ್ರಮವನ್ನು ಹೊರಡಿಸುತ್ತಿದ್ದುದು ನಮ್ಮ ತಂತ್ರಾಂಶವೇ! ‘ಅಂಗೀಕೃತ’ ಎಂದು ಬರೆದೆವು. ಚಾಮರಾಜಪೇಟೆಯ ಹಿರಿಯರ ಪುಸ್ತಕ ಬೇರೆಡೆ ಹೊಸ ಕ್ರಮದಲ್ಲಿ ಅಚ್ಚಾದದ್ದು; ಅವರು ಹುಡುಕುವ ಪದವನ್ನು ಒತ್ತಿದ್ದು ನಮ್ಮ ತಂತ್ರಾಂಶದಿಂದ. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ. ಲಕ್ಷಣದಲ್ಲಿ ಎಷ್ಟೂ ಹೋಲದ ಈ ವರದಿಯೇ ಮೊದಲನೆಯದರ ‘ನಕಲು’ ಆಯಿತು. ಇನ್ನು ಮೂರನೆಯವರ ಪದದಲ್ಲಿ ಜೋಡಕವೇ ಇರಲಿಲ್ಲ. ಅವರು ಅರ್ಜಿಯ ನಮೂನೆಯೊಂದರಲ್ಲಿ ಅಂಟಿಸಿದಾಗ ಅದು ಅಳಿಸಿಹೋಗಿ ಅರ್ಕಾವೊತ್ತು ಬಂದಿತ್ತು. ಮೊದಲನೆಯದರ ನಕಲೆಂದು ಅದನ್ನು ಕಟ್ಟಿಹಾಕಿದ್ದರೆ, ನಾವು ತಿದ್ದುಪಡಿ ಮಾಡಿದ ಮೇಲೆಯೂ ಆತನ ಪದ ಕೆಟ್ಟೇ ಇರುತ್ತಿತ್ತು. ನಾವು ಮಾತ್ರ ಸರಿಹೋಯಿತೆಂದು ತಿಳಿದಿರುತ್ತಿದ್ದೆವು.

ನಕಲೆಂದು ಹೇಳಬೇಕಾದರೆ ಕಾರಣ ಒಂದೇ ಎಂದು ನೋಡಿರಬೇಕು; ಶೀರ್ಷಿಕೆ ಒಂದೇ ಆದರೆ ಸಾಲದು. ಸಂಶಯವಿದ್ದರೆ ಎರಡನ್ನೂ ತೆರೆದಿಡುವುದೇ ಮೇಲು. ಪಟ್ಟಿ ಉದ್ದವಾಗುವುದೆಂದು ನನ್ನ ಗೆಳೆಯರು ಆಕ್ಷೇಪಿಸುತ್ತಾರೆ. ಆಗಲಿ, ತಪ್ಪಾಗಿ ಮುಚ್ಚಿದ ವರದಿಯನ್ನು ಮತ್ತೆ ತೆರೆಯುವವರು ಅಪರೂಪ.

ಹಿರಿಯರ ವರದಿಯನ್ನು ನಕಲೆಂದು ಮುಚ್ಚಿದರೂ ಅವರಿಗೆ ಒಂದು ಮಾತು ಬರೆಯಬೇಕಾಯಿತು. ನಮ್ಮ ತಂತ್ರಾಂಶ ಮುಂದೆ ಹೊಸ ಕ್ರಮದಲ್ಲಿಯೇ ಬರೆಯುವುದು, ನಿಜ. ಆದರೆ ಇದುವರೆಗೆ ಅದರಲ್ಲಿ ಬರೆದಿಟ್ಟ ಕಡತಗಳು ತಾವಾಗಿ ಬದಲಾಗಲಾರವು. ಅವುಗಳನ್ನು ಪರಿವರ್ತಿಸುವ ಕೆಲಸವನ್ನು ಬೇರೊಂದು ವರದಿಯಾಗಿ ನಾವೇ ಬರೆದು ಪಟ್ಟಿಗೆ ಸೇರಿಸಿದ್ದೇವೆ. ಅದಕ್ಕಿನ್ನೂ ಯಾವ ಗುರುತೂ ಬಿದ್ದಿಲ್ಲ.