ಒಂದು ಗಂಟೆಯ ವಿಮಾನಕ್ಕೆ ಐದೂವರೆ ಗಂಟೆ

ಮಾನ್ಯ ಸಂಪಾದಕರೇ,

ಮಂಗಳೂರಿನಿಂದ ಬೆಂಗಳೂರಿಗೆ ಇನ್ನೊಂದು ರಾತ್ರಿ ರೈಲು ಬೇಕೆಂದು ಕೇಳಿದವರಿಗೆ ಕಳೆದ ವಾರದ ಸಭೆಯಲ್ಲಿ ವೇದಿಕೆಯ ಮೇಲಿದ್ದ ಮಹನೀಯರೊಬ್ಬರು ಕೊಟ್ಟ ಉತ್ತರವನ್ನು ತಾವು ಚೌಕಟ್ಟು ಕಟ್ಟಿ ಮುಖಪುಟದಲ್ಲಿ ಹಾಕಿದ್ದೀರಿ. "ಒಂದು ಗಂಟೆಯ ವಿಮಾನ ಇರುವಾಗ ಹತ್ತು ಗಂಟೆಯ ರೈಲು ಯಾಕೆ?" ಸಭೆಯಲ್ಲಿ ಚಪ್ಪಾಳೆ ಬಿತ್ತೆಂದೂ ವರದಿ ಹೇಳುತ್ತದೆ. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆಯುವವರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಮಹನೀಯರ ಒಂದು ಗಂಟೆ ಎಲ್ಲಿಂದ ಎಲ್ಲಿಗೆ? ಕೆಂಜಾರಿನ ರನ್‌ವೇಯಿಂದ ದೇವನಹಳ್ಳಿಯ ರನ್‌ವೇಗೆ. ಎರಡು ರನ್‌ವೇಗಳ ಮೇಲೂ ನಮ್ಮ ಮನೆಯಿಲ್ಲ, ನೆಂಟರಿಲ್ಲ, ಕಚೇರಿ ಇಲ್ಲ. ಪ್ರಯಾಣವನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ಲೆಕ್ಕ ಹಾಕಬೇಕು. ಅವರು ಹಾಕಲಿಲ್ಲ, ತಾವೂ ಕೇಳಲಿಲ್ಲ. ಹಾಗಾಗಿ ನಾನೇ ಹಾಕಿ ಕಳಿಸುತ್ತಿದ್ದೇನೆ.

ಬೆಂದೂರಿನ ಮನೆಯಿಂದ ಬೆಂಗಳೂರಿನ ಜಯನಗರಕ್ಕೆ ಹೋಗಬೇಕು ಎಂದಿಟ್ಟುಕೊಳ್ಳಿ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ 40 ನಿಮಿಷ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಬ್ಯಾಗ್ ಕೊಟ್ಟು ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲಲು ಒಂದೂವರೆ ಗಂಟೆ ಮೊದಲಾದರೂ ಅಲ್ಲಿರಬೇಕು. ಹಾರಾಟ ಒಂದು ಗಂಟೆ ಚಿಲ್ಲರೆ. ಇಳಿದು ಬ್ಯಾಗ್ ಹಿಡಿದು ಹೊರಬರಲು ಅರ್ಧ ಗಂಟೆ. ಅಲ್ಲಿಂದ ಹೆಬ್ಬಾಳ ದಾಟಿ ಇಡೀ ಬೆಂಗಳೂರನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಜಯನಗರ ಸೇರಲು ಕಡಿಮೆಯೆಂದರೂ ಒಂದೂಮುಕ್ಕಾಲು ಗಂಟೆ. ಕೂಡಿಸಿ ನೋಡಿ, ಐದೂವರೆ ಗಂಟೆಯಾಯಿತು. ಒಂದು ಗಂಟೆ ಅಂತೆ!

ಇನ್ನು ದುಡ್ಡು. ತಿಂಗಳ ಮೊದಲೇ ಕಾದಿರಿಸಿ, ಹಬ್ಬ ಹರಿದಿನವಲ್ಲದ ದಿನ ಹೊರಟರೆ ವಿಮಾನದ ಟಿಕೆಟ್ ಸುಮಾರು 3,500 ರೂಪಾಯಿ ಎಂದುಕೊಳ್ಳೋಣ. ಇಲ್ಲಿಯ ಟ್ಯಾಕ್ಸಿಗೆ 600, ಅಲ್ಲಿಯ ಟ್ಯಾಕ್ಸಿಗೆ 1,300 ಹಿಡಿದರೆ ಒಬ್ಬರಿಗೆ 5,400 ರೂಪಾಯಿ. ಬಿಎಂಟಿಸಿಯ ವಾಯುವಜ್ರ ಬಸ್ ಹಿಡಿದರೆ ಸಾವಿರದಷ್ಟು ಉಳಿಯುತ್ತದೆ, ಆದರೆ ಆಗ ಐದೂವರೆ ಗಂಟೆ ಆರು ದಾಟುತ್ತದೆ.

ಬಸ್ಸಿಗೆ ಬನ್ನಿ. ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣ ರಿಕ್ಷಾದಲ್ಲಿ ಹತ್ತು ಹದಿನೈದು ನಿಮಿಷ. ಇಪ್ಪತ್ತು ನಿಮಿಷ ಮೊದಲು ಹೋದರೆ ಸಾಕು, ಯಾರೂ ಬೆಲ್ಟ್ ಬಿಚ್ಚಿಸುವುದಿಲ್ಲ. ಸುಮಾರು 350 ಕಿಲೋಮೀಟರ್ ದಾರಿಗೆ ರಾತ್ರಿ ಎಂಟು ಗಂಟೆ. ಹಾಸನ, ಕುಣಿಗಲ್, ನೆಲಮಂಗಲ ಮಾರ್ಗದ ಬಸ್ಸಿನವರು ಮೆಜೆಸ್ಟಿಕ್ಕಿನವರೆಗೆ ಕಾಯದೆ ಗೊರಗುಂಟೆಪಾಳ್ಯದಲ್ಲೇ ಇಳಿದು ಮೆಟ್ರೋದ ಹಸಿರು ಮಾರ್ಗ ಹತ್ತಿದರೆ, ಗಾಡಿ ಬದಲಿಸದೆ ನೇರ ಜಯನಗರ. ಒಟ್ಟು ಒಂಬತ್ತೂವರೆ ಗಂಟೆ. ಎಸಿ ಸ್ಲೀಪರಿಗೆ ಸುಮಾರು 1,200, ರಿಕ್ಷಾ ಮೆಟ್ರೋ ಎಲ್ಲ ಸೇರಿ 200, ಒಟ್ಟು 1,400. ಮನೆಯ ಹೆಂಗಸರು ಸಾಮಾನ್ಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವುದಾದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಬೆಲೆ ಸೊನ್ನೆ. ಸೊನ್ನೆಯ ಜತೆ ಸ್ಪರ್ಧಿಸುವ ವಿಮಾನ ಇದ್ದರೆ ಮಹನೀಯರು ತಿಳಿಸಲಿ.

ರೈಲು ನಿಧಾನ. ಒಪ್ಪಿದೆ. ಸೆಂಟ್ರಲ್‌ನಿಂದ ರಾತ್ರಿ ಹೊರಟರೆ ಹತ್ತು ಗಂಟೆಗೂ ಮಿಕ್ಕಿ ಬೇಕು, ಎರಡೂ ಕಡೆಯ ಓಡಾಟ ಸೇರಿಸಿದರೆ ಹನ್ನೆರಡು ಗಂಟೆ. ಕಾರಣ ಗೊತ್ತಿರುವುದೇ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು, 50 ಅಡಿಗೆ ಒಂದು ಅಡಿ ಏರುವ ಹಳಿ, ಗಂಟೆಗೆ 30 ಕಿಲೋಮೀಟರಿನ ಮಿತಿ. ಏರಲು ಹಿಂದಿನಿಂದ ತಳ್ಳುವ ಹೆಚ್ಚುವರಿ ಇಂಜಿನ್ ಜೋಡಿಸಬೇಕು, ಬ್ರೇಕ್ ಪರೀಕ್ಷೆ ಆಗಬೇಕು. ಯಾವ ಹೊಸ ಹೆಸರಿನ, ಯಾವ ಬಣ್ಣದ ರೈಲು ತಂದರೂ ಘಟ್ಟದಲ್ಲಿ ಅದೂ ಇದೇ ವೇಗದಲ್ಲಿ ಹತ್ತಬೇಕು. ಆದರೆ ದರ? ತ್ರೀ ಟಯರ್ ಎಸಿಗೆ 800ರ ಆಸುಪಾಸು, ಸ್ಲೀಪರಿಗೆ ಸುಮಾರು 300. ಮನೆಯಿಂದ ಮನೆಗೆ ಕ್ರಮವಾಗಿ 1,000 ಮತ್ತು 500 ರೂಪಾಯಿ.

ಈಗ ಮಹನೀಯರು ಹೇಳಬಹುದು, ನೋಡಿ, ಬಸ್ಸಿಗಿಂತ ನಾಲ್ಕು ಗಂಟೆ ಉಳಿಯಿತಲ್ಲ ಎಂದು. ಉಳಿಯಿತು, ಗಂಟೆಗೆ ಸಾವಿರ ರೂಪಾಯಿ ಕೊಟ್ಟು. ಅಷ್ಟು ಸಂಪಾದಿಸುವವರು ಧಾರಾಳವಾಗಿ ಹಾರಲಿ. ಆದರೆ ಆ ನಾಲ್ಕು ಗಂಟೆ ನಿಜಕ್ಕೂ ಉಳಿಯಿತೇ? ರೈಲಿನ ಹನ್ನೆರಡು ಗಂಟೆಯಲ್ಲಿ ಏಳು ಗಂಟೆ ನಾವು ಬರ್ತಿನ ಮೇಲೆ ಕಾಲು ಚಾಚಿ ಮಲಗಿರುತ್ತೇವೆ. ಎಚ್ಚರದ ಸಮಯ ಐದೇ ಗಂಟೆ. ಬಸ್ಸಿನಲ್ಲಿ ಶಿರಾಡಿಯ ತಿರುವುಗಳಲ್ಲಿ ಹೊರಳಾಡಿದರೂ ಐದು ಗಂಟೆ ನಿದ್ದೆ ಬಂತೆಂದರೆ ಎಚ್ಚರದ್ದು ನಾಲ್ಕೂವರೆ. ವಿಮಾನದ ಐದೂವರೆಯೂ ಎಚ್ಚರದ್ದೇ, ಅದೂ ತುಂಡು ತುಂಡಾಗಿ, ಸಾಲಿನಲ್ಲಿ ನಿಂತು, ಟ್ರಾಫಿಕ್ಕಿನಲ್ಲಿ ಕೂತು. ಬೆಳಗಿನ ಆರೂವರೆಯ ವಿಮಾನವಾದರೆ ಮೂರೂವರೆಗೆ ಅಲಾರಾಂ ಬೇರೆ. ರಾತ್ರಿ ಪ್ರಯಾಣಕ್ಕೆ ಹೋಲಿಸಿದರೆ ವಿಮಾನ ನಮ್ಮ ಹಗಲಿನಿಂದ ಒಂದು ನಿಮಿಷವನ್ನೂ ಉಳಿಸುವುದಿಲ್ಲ. ಇದು ವೇದಿಕೆಯ ಮೇಲಿಂದ ಕಾಣುವುದಿಲ್ಲ.

ಇದೆಲ್ಲ ಒಬ್ಬರ ಲೆಕ್ಕ. ಮದುವೆಗೋ ಕಾಲೇಜಿಗೆ ಮಗುವನ್ನು ಸೇರಿಸಲಿಕ್ಕೋ ನಾಲ್ವರು ಹೊರಟರೆ ಟ್ಯಾಕ್ಸಿ ಒಂದೇ, ಟಿಕೆಟ್ ನಾಲ್ಕು. ವಿಮಾನಕ್ಕೆ 15,900 ರೂಪಾಯಿ, ಎಸಿ ಸ್ಲೀಪರ್ ಬಸ್ಸಿಗೆ 5,200ರಷ್ಟು, ತ್ರೀ ಟಯರ್ ಎಸಿಗೆ 3,600ರಷ್ಟು, ಸಾದಾ ಸ್ಲೀಪರಿಗೆ 1,600ರಷ್ಟು. ಇದು ಹೋಗುವ ಖರ್ಚು ಮಾತ್ರ, ಬರುವುದು ಬೇರೆ. ಐದು ಸಾವಿರಕ್ಕೂ ಹದಿನಾರು ಸಾವಿರಕ್ಕೂ ವ್ಯತ್ಯಾಸವೇ ಗೊತ್ತಿಲ್ಲದವರು ನಮಗೆ ಯಾವ ವಾಹನ ಸಾಕು ಎಂದು ತೀರ್ಮಾನಿಸುತ್ತಾರೆ!

ಇನ್ನೊಂದು ವಿಷಯ, ಪತ್ರ ಬರೆಯಲು ಕೂತ ಮೇಲೆ ಹೇಳಿಯೇ ಬಿಡುತ್ತೇನೆ. ಮೇಲಿನ ದರಗಳೆಲ್ಲ ಸಾಮಾನ್ಯ ದಿನಗಳವು. ದೀಪಾವಳಿ, ಕ್ರಿಸ್‌ಮಸ್ ಬಂತೆಂದರೆ ಈ ಲೆಕ್ಕವನ್ನು ಹರಿದು ಬಿಸಾಡಬೇಕು. ಸಾಮಾನ್ಯ ದಿನ ಸಾವಿರಕ್ಕೆ ಸಿಗುವ ಖಾಸಗಿ ಸ್ಲೀಪರ್ ಸೀಟಿಗೆ ಹಬ್ಬದ ಮುನ್ನಾದಿನ ಕೇಳುವ ದರ ನೋಡಿದರೆ, ಬಸ್ಸಿನವರೂ ತಮ್ಮ ಗಾಡಿಗೆ ರೆಕ್ಕೆ ಬಂದಿದೆ ಎಂದು ತಿಳಿದಂತಿದೆ. ವಿಮಾನದ ಟಿಕೆಟ್ಟೂ ಆಗ ಹಾಗೇ ಏರುತ್ತದೆ. ದರ ಏರದೆ ನಿಲ್ಲುವುದು ರಾತ್ರಿ ರೈಲಿನ ಸ್ಲೀಪರ್ ಮತ್ತು ತ್ರೀ ಟಯರ್ ಮಾತ್ರ. ಅದಕ್ಕೇ ಅದು ಬುಕಿಂಗ್ ತೆರೆದ ಕೂಡಲೇ ತುಂಬುತ್ತದೆ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅದೂ ತಪ್ಪಿದರೆ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತತ್ಕಾಲ್. ಪುಟ ತೆರೆದುಕೊಳ್ಳುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಅಷ್ಟು ಹೊತ್ತಿಗೆ ವಿಶೇಷ ರೈಲಿನ ಘೋಷಣೆ ಬರುತ್ತದೆ, ನಾಡಿದ್ದು ಹಬ್ಬ ಎನ್ನುವಾಗ, ಜನ ಬಸ್ಸಿಗೆ ದುಡ್ಡು ಸುರಿದಾದ ಮೇಲೆ. ರೈಲಿಗೆ ಬೇಡಿಕೆ ಇಲ್ಲ ಎನ್ನುವವರು ಒಂದು ಬೆಳಿಗ್ಗೆ 11 ಗಂಟೆಗೆ ತತ್ಕಾಲ್ ಟಿಕೆಟ್ ತೆಗೆಯಲು ಪ್ರಯತ್ನಿಸಲಿ.

ಮಳೆಗಾಲದ ಮಾತು ತೆಗೆಯುವವರಿದ್ದಾರೆ. 2024ರ ಜುಲೈಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ವಾರಗಟ್ಟಲೆ ನಿಂತದ್ದು ನಿಜ. ಅದೇ ತಿಂಗಳು ಶಿರಾಡಿ ರಸ್ತೆಯಲ್ಲೂ ಗುಡ್ಡ ಕುಸಿದಿತ್ತು. ಗುಡ್ಡದ ನೆತ್ತಿಯ ಮೇಲಿರುವ ನಮ್ಮ ರನ್‌ವೇ ಮಂಜಿನಲ್ಲಿ ಕಾಣದೆ, ಇಲ್ಲಿ ಇಳಿಯಬೇಕಾದ ವಿಮಾನ ಬೇರೆ ಊರಿಗೆ ಹೋಗಿ ಇಳಿಯುವುದೂ ನಿಜ. ಮಳೆಗೆ ಯಾವ ವಾಹನದ ಮೇಲೂ ಪ್ರೀತಿಯಿಲ್ಲ. ಒಂದು ದಾರಿ ಕಟ್ಟಿದಾಗ ಇನ್ನೊಂದು ಇರಲಿ ಎನ್ನುವುದಕ್ಕೇ ಮೂರೂ ಬೇಕು ಎನ್ನುವುದು.

ವಿಮಾನ ಯಾರಿಗೂ ಬೇಡವೆಂದಲ್ಲ. ಬೆಳಿಗ್ಗೆ ಹೋಗಿ ಸಂಜೆ ಮರಳಬೇಕಾದವರಿಗೆ, ಯಲಹಂಕ ಹೆಬ್ಬಾಳದ ಕಡೆ ಕೆಲಸ ಇರುವವರಿಗೆ, ಕಂಪನಿ ದುಡ್ಡು ಕೊಡುವವರಿಗೆ ಅದು ಸರಿ. ಮಹನೀಯರು ಬಹುಶಃ ಈ ಮೂರೂ ಗುಂಪಿಗೆ ಸೇರಿದವರು. ಉಳಿದ ನಮಗೆ, ಅಂದರೆ ಬೆಂಗಳೂರಿನಲ್ಲಿ ಓದುವ ಮಕ್ಕಳಿಗೆ, ಮಕ್ಕಳನ್ನು ನೋಡಲು ಹೊರಟ ವಯಸ್ಸಾದ ಅಪ್ಪ ಅಮ್ಮಂದಿರಿಗೆ, ಎಂಟು ಗಂಟೆ ಬಸ್ಸಿನಲ್ಲಿ ಶೌಚಾಲಯವಿಲ್ಲದೆ ಕೂರಲಾಗದ ಸಕ್ಕರೆ ಕಾಯಿಲೆಯವರಿಗೆ, ರೈಲಿನ ಬದಲಿಗೆ ಬೇರೆ ಏನೂ ಇಲ್ಲ. 1979ರಲ್ಲಿ ಹಾಸನದಿಂದ ಮಂಗಳೂರಿಗೆ ಹಳಿ ಬಂತು, ಬ್ರಾಡ್‌ಗೇಜ್ ಮಾಡುತ್ತೇವೆಂದು ಅದನ್ನು ಮುಚ್ಚಿ ನಮ್ಮನ್ನು ವರ್ಷಗಟ್ಟಲೆ ಕಾಯಿಸಿ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮರಳಿ ಕೊಟ್ಟರು. ಇಷ್ಟು ಕಾದ ಊರಿಗೆ ಈಗ ವಿಮಾನ ಹತ್ತಿ ಎಂಬ ಬುದ್ಧಿವಾದ!

ಇನ್ನು ಮುಂದೆ ಯಾರಾದರೂ "ಒಂದು ಗಂಟೆ" ಎಂದರೆ ಅದನ್ನು ಚೌಕಟ್ಟಿನಲ್ಲಿ ಹಾಕುವ ಮೊದಲು ಎಲ್ಲಿಂದ ಎಲ್ಲಿಗೆ, ಎಷ್ಟು ಜನಕ್ಕೆ, ಎಷ್ಟು ದುಡ್ಡಿಗೆ ಎಂದು ತಮ್ಮ ವರದಿಗಾರರು ಕೇಳಲಿ. ರೈಲ್ವೆಯವರು ಸಂಜೆ ಕೆಲಸ ಮುಗಿಸಿ ಹತ್ತಿ ಬೆಳಿಗ್ಗೆ ಕಚೇರಿ ವೇಳೆಗೆ ಇಳಿಯುವಂತೆ ಇನ್ನೊಂದು ರಾತ್ರಿ ರೈಲನ್ನು ಸೆಂಟ್ರಲ್‌ನಿಂದಲೇ ಹೊರಡಿಸಲಿ, ಹಬ್ಬದ ವಿಶೇಷ ರೈಲುಗಳನ್ನು ಬುಕಿಂಗ್ ತೆರೆಯುವ 60 ದಿನ ಮೊದಲೇ ಪ್ರಕಟಿಸಲಿ. ಮಹನೀಯರು ಮಾತ್ರ ಮುಂದಿನ ಸಭೆಗೆ ಬರುವಾಗ ಒಮ್ಮೆ ಮನೆಯಿಂದ ಮನೆಗೆ ಗಡಿಯಾರ ನೋಡಿಕೊಂಡು, ತಮ್ಮ ಜೇಬಿನ ದುಡ್ಡಿನಲ್ಲಿ ಬರಲಿ.

ಇತಿ,
ತಮ್ಮ ಓದುಗ
ಬೆಂದೂರು, ಮಂಗಳೂರು